ಸರೋವರದ ಮಂಜುಗಡ್ಡೆ ಎಷ್ಟು ದಪ್ಪವಾಯಿತು? ಅರೆಸ್ಥಿರ ವಹನ ಮಾದರಿಯನ್ನು ತಪ್ಪಿಲ್ಲದೆ ಕಟ್ಟುವ ಕ್ರಮ

ಈ ಲೆಕ್ಕಕ್ಕೆ ಕೈ ಹಾಕಿದವರಲ್ಲಿ ಹೆಚ್ಚಿನವರು ಒಂದೇ ಜಾಗದಲ್ಲಿ ಎಡವುತ್ತಾರೆ. ಪುಸ್ತಕದಲ್ಲಿರುವ ವರ್ಗಮೂಲದ ಸೂತ್ರವನ್ನು ಎತ್ತಿಕೊಂಡು, ಹವಾಮಾನ ಕೇಂದ್ರದ ಗಾಳಿಯ ಉಷ್ಣತೆಯನ್ನು ಅದಕ್ಕೆ ತುಂಬುತ್ತಾರೆ. ಉತ್ತರ ಅರ್ಧ ಮೀಟರಿಗೂ ಹೆಚ್ಚು ಬರುತ್ತದೆ. ಸರೋವರದ ಮೇಲೆ ಹೋಗಿ ತೂತು ಕೊರೆದರೆ ಸಿಗುವುದು ಮೂವತ್ತು ಸೆಂ.ಮೀ. ಆಮೇಲೆ ಉಷ್ಣವಾಹಕತೆಯನ್ನು ಹಿಂಡಿ, ಗುಪ್ತೋಷ್ಣವನ್ನು ತಿದ್ದಿ, ಹೇಗಾದರೂ ಉತ್ತರ ಹೊಂದಿಸಲು ಹೊರಡುತ್ತಾರೆ. ಆ ಎರಡು ಸಂಖ್ಯೆಗಳು ಮಾತ್ರ ಸರಿಯಾಗಿಯೇ ಇರುತ್ತವೆ. ತಪ್ಪು ಇರುವುದು ಮಂಜುಗಡ್ಡೆಯ ಮೇಲ್ಗಡೆ.

ಉದಾಹರಣೆಗೆ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್ ಊರಿನ ಮೆಂಡೋಟಾ ಸರೋವರವನ್ನು ಮನಸ್ಸಿನಲ್ಲಿಟ್ಟುಕೊಳ್ಳೋಣ. ಅದು ಸಿಹಿನೀರಿನ ಸರೋವರ, ಆಳ ಗರಿಷ್ಠ 25 ಮೀಟರ್ ಆಸುಪಾಸು. ಅಲ್ಲಿ ನೀರು ಯಾವಾಗ ಹೆಪ್ಪುಗಟ್ಟಿತು, ಯಾವಾಗ ಕರಗಿತು ಎಂಬ ದಾಖಲೆ 1850ರ ದಶಕದಿಂದಲೂ ಇದೆ. ಕೆಳಗಿನ ತಾಪ ಮತ್ತು ಹಿಮದ ಅಂಕಿಗಳು ಯಾವುದೋ ಒಂದು ವರ್ಷದ ದಾಖಲೆಯಲ್ಲ. ಆ ಊರಿನ ಚಳಿಗಾಲಕ್ಕೆ ಒಪ್ಪುವಂತೆ, ಲೆಕ್ಕಕ್ಕೆ ಸುಲಭವಾಗಲೆಂದು ಆರಿಸಿಕೊಂಡವು.

## ಮೊದಲು ಕೈಯಲ್ಲಿ ಇರಬೇಕಾದದ್ದು

ಲೆಕ್ಕಕ್ಕೆ ಬೇಕಾದದ್ದು ದಿನದ ಸರಾಸರಿ ಗಾಳಿಯ ಉಷ್ಣತೆಯ ಪಟ್ಟಿ, ಸರೋವರ ಪೂರ್ತಿ ಹೆಪ್ಪುಗಟ್ಟಿದ ತಾರೀಕು, ಮತ್ತು ಮಂಜುಗಡ್ಡೆಯ ಮೇಲೆ ಬಿದ್ದಿರುವ ಹಿಮದ ಆಳ. ಮೂರನೆಯದನ್ನು ಊರಿನ ಹವಾಮಾನ ವರದಿಯಿಂದ ತೆಗೆದುಕೊಳ್ಳಬೇಡಿ. ಬಯಲಾದ ಸರೋವರದ ಮೇಲೆ ಗಾಳಿ ಹಿಮವನ್ನು ಗುಡಿಸಿಕೊಂಡು ಹೋಗುತ್ತದೆ. ಊರಿನ ಅಂಗಳದಲ್ಲಿ ಹದಿನೈದು ಸೆಂ.ಮೀ. ಇದ್ದ ದಿನ ಸರೋವರದ ನಡುವೆ ಐದೇ ಇರಬಹುದು, ದಡದ ಹತ್ತಿರ ರಾಶಿ ಬಿದ್ದಿರಬಹುದು.

ಅಳತೆಗೆ ಕೊರೆಯುವ ಬೈರಿಗೆ ಮತ್ತು ತುದಿಯಲ್ಲಿ ಕೊಕ್ಕೆಯಿರುವ ಅಳತೆಕೋಲು ಬೇಕು. ಕೊಕ್ಕೆಯನ್ನು ಮಂಜುಗಡ್ಡೆಯ ತಳಕ್ಕೆ ಸಿಕ್ಕಿಸಿ ಮೇಲ್ಮೈಯವರೆಗೆ ಓದಬೇಕು. ಪ್ರತಿ ತೂತಿನಲ್ಲೂ ಮೂರು ಅಂಕಿ ಬರೆದುಕೊಳ್ಳಿ: ಮಂಜುಗಡ್ಡೆಯ ದಪ್ಪ, ಮೇಲಿನ ಹಿಮದ ಆಳ, ಮತ್ತು ತೂತಿನಲ್ಲಿ ನೀರು ಮಂಜುಗಡ್ಡೆಯ ಮೇಲ್ಮೈಗಿಂತ ಎಷ್ಟು ಕೆಳಗೆ ನಿಂತಿದೆ ಎಂಬುದು. ಮೂರನೆಯದನ್ನು ಯಾರೂ ಬರೆದಿಡುವುದಿಲ್ಲ. ಐದನೇ ಹಂತಕ್ಕೆ ಬಂದಾಗ ಅದೇ ಬೇಕಾಗುತ್ತದೆ.

ಒಂದು ಎಚ್ಚರಿಕೆ ಇಲ್ಲಿಯೇ ಹೇಳಬೇಕು. ಈ ಲೆಕ್ಕವನ್ನು ನಂಬಿ ಮಂಜುಗಡ್ಡೆಯ ಮೇಲೆ ಕಾಲಿಡಬೇಡಿ. ತೊರೆ ಬಂದು ಸೇರುವ ಕಡೆ, ತಳದಲ್ಲಿ ಊಟೆ ಇರುವ ಕಡೆ, ಸೇತುವೆಯ ಕೆಳಗೆ ದಪ್ಪ ಲೆಕ್ಕಕ್ಕಿಂತ ತೀರಾ ಕಡಿಮೆ ಇರುತ್ತದೆ. ಮೇಲೆ ಹೋಗುವವರು ಹೆಜ್ಜೆ ಹೆಜ್ಜೆಗೂ ಕೊರೆದು ನೋಡಿ, ಸ್ಥಳೀಯರನ್ನು ಕೇಳಿ ಹೋಗಬೇಕು.

## ಹಂತ 1: ಎಣಿಕೆ ಯಾವ ದಿನದಿಂದ ಎಂದು ಗೊತ್ತುಮಾಡಿ

ಗಾಳಿ ಸೊನ್ನೆಗಿಂತ ಕೆಳಗಿಳಿದ ಮೊದಲ ದಿನದಿಂದಲೇ ಎಣಿಸಲು ಶುರುಮಾಡುವುದು ಸಾಮಾನ್ಯ ತಪ್ಪು. ಆ ದಿನ ಸರೋವರದಲ್ಲಿ ಇನ್ನೂ ಬೇಸಿಗೆಯ ಶಾಖ ಉಳಿದಿರುತ್ತದೆ. ಸಿಹಿನೀರು 4 ಡಿಗ್ರಿಯಲ್ಲಿ ಅತಿ ಹೆಚ್ಚು ಸಾಂದ್ರವಾಗಿರುವುದರಿಂದ, ಮೇಲೆ ತಣ್ಣಗಾದ ನೀರು ಕೆಳಗಿಳಿದು ಕೆಳಗಿನದು ಮೇಲೆ ಬರುತ್ತಲೇ ಇರುತ್ತದೆ. ಇಡೀ ಸರೋವರ 4 ಡಿಗ್ರಿಗೆ ಬಂದ ಮೇಲಷ್ಟೇ ತಣ್ಣನೆಯ ನೀರು ಮೇಲೆಯೇ ನಿಂತು ಸೊನ್ನೆಗೆ ಇಳಿಯಲು ಸಾಧ್ಯ. ಮೆಂಡೋಟಾ ಸಾಮಾನ್ಯವಾಗಿ ಡಿಸೆಂಬರ್ ಉತ್ತರಾರ್ಧದಲ್ಲಿ ಹೆಪ್ಪುಗಟ್ಟುತ್ತದೆ. ಪಕ್ಕದ ಮೊನೊನಾ ಸರೋವರದ ಸರಾಸರಿ ಆಳ ಕಡಿಮೆ, ಹಾಗಾಗಿ ಅದು ಸಾಮಾನ್ಯವಾಗಿ ಕೆಲವು ದಿನ ಮೊದಲೇ ಮುಚ್ಚಿಕೊಳ್ಳುತ್ತದೆ. ಊರು ಒಂದೇ, ಗಾಳಿ ಒಂದೇ, ತಾರೀಕು ಮಾತ್ರ ಬೇರೆ.

ಆದ್ದರಿಂದ ಎಣಿಕೆ ಮಂಜುಗಡ್ಡೆ ನಿಂತ ದಿನದಿಂದ. ಮೊದಲ ತೆಳುಪದರ ಕಟ್ಟಿದ ರಾತ್ರಿಯ ಮರುದಿನ ಗಾಳಿ ಬೀಸಿ ಅದು ಒಡೆದು ನೀರು ಮತ್ತೆ ತೆರೆದುಕೊಂಡರೆ, ಅಲ್ಲಿಯವರೆಗಿನ ಎಣಿಕೆಯನ್ನು ಅಳಿಸಿ ಸೊನ್ನೆಯಿಂದ ಶುರುಮಾಡಿ.

## ಹಂತ 2: ಅರೆಸ್ಥಿರ ಎಂಬ ಊಹೆ ನಿಮ್ಮ ಲೆಕ್ಕಕ್ಕೆ ಒಪ್ಪುತ್ತದೆಯೇ ನೋಡಿ

ಮಾದರಿ ಹೇಳುವುದು ಇಷ್ಟೆ. ಮಂಜುಗಡ್ಡೆಯ ತಳ ಯಾವಾಗಲೂ 0 ಡಿಗ್ರಿಯಲ್ಲಿದೆ, ಮೇಲ್ಮೈ ಅದಕ್ಕಿಂತ ತಣ್ಣಗಿದೆ. ತಳದಲ್ಲಿ ನೀರು ಗಟ್ಟಿಯಾಗುವಾಗ ಬಿಡುವ ಗುಪ್ತೋಷ್ಣ ಮಂಜುಗಡ್ಡೆಯ ಮೂಲಕ ಮೇಲಕ್ಕೆ ಹರಿದು ಗಾಳಿಗೆ ಹೋಗುತ್ತದೆ. ಎಷ್ಟು ಬೇಗ ಹೋಗುತ್ತದೋ ಅಷ್ಟು ಬೇಗ ದಪ್ಪ ಬೆಳೆಯುತ್ತದೆ. ತಳ ನಿಧಾನವಾಗಿ ಕೆಳಗೆ ಸರಿಯುತ್ತಿದ್ದರೂ, ಆ ಕ್ಷಣದ ದಪ್ಪದಲ್ಲಿ ಉಷ್ಣತೆ ಮೇಲಿಂದ ಕೆಳಗೆ ನೇರ ಗೆರೆಯಲ್ಲೇ ಬದಲಾಗುತ್ತದೆ ಎಂದು ಭಾವಿಸುತ್ತೇವೆ. ಅರೆಸ್ಥಿರ ಎಂದರೆ ಅದು.

ಈ ಭಾವನೆ ಸರಿಯೇ ಎಂದು ನೋಡಲು ಎರಡು ಶಾಖಗಳನ್ನು ಹೋಲಿಸಿ. ಒಂದು ಕಿಲೋ ಮಂಜುಗಡ್ಡೆಯನ್ನು 8 ಡಿಗ್ರಿ ತಣಿಸಲು ತೆಗೆಯಬೇಕಾದ ಶಾಖ ಸುಮಾರು 17 ಕಿಲೋಜೂಲ್. ಒಂದು ಕಿಲೋ ನೀರು ಗಟ್ಟಿಯಾಗುವಾಗ ಬಿಡುವುದು 334 ಕಿಲೋಜೂಲ್. ಅನುಪಾತ 0.05. ಮಂಜುಗಡ್ಡೆಯನ್ನೇ ತಣಿಸಲು ಹೋಗುವ ಶಾಖ ಅಷ್ಟು ಕಡಿಮೆ ಇರುವುದರಿಂದ ಅದನ್ನು ಬಿಟ್ಟುಬಿಡಬಹುದು. ಮೇಲ್ಮೈ ಉಷ್ಣತೆ ಬದಲಾಗದೆ ನಿಂತಿದ್ದರೆ ಈ ಸಮಸ್ಯೆಗೆ ನಿಖರವಾದ ಉತ್ತರವೂ ಇದೆ. ಅದರೊಂದಿಗೆ ಹೋಲಿಸಿದರೆ ಅರೆಸ್ಥಿರ ಮಾದರಿ ದಪ್ಪವನ್ನು ಸುಮಾರು ಒಂದು ಪ್ರತಿಶತ ಹೆಚ್ಚು ತೋರಿಸುತ್ತದೆ, ಅಷ್ಟೇ. ನಿಮ್ಮ ಲೆಕ್ಕ ಇಪ್ಪತ್ತು, ಮೂವತ್ತು ಪ್ರತಿಶತ ತಪ್ಪಿದ್ದರೆ ಅದರ ದೋಷವನ್ನು ಈ ಊಹೆಯ ತಲೆಗೆ ಕಟ್ಟಬೇಡಿ.

ಆದರೆ ಒಂದು ಕಡೆ ಊಹೆ ಮುರಿಯುತ್ತದೆ: ಗಂಟೆಗಂಟೆಯ ಉಷ್ಣತೆ ತುಂಬಿದಾಗ. ಹಗಲು–ರಾತ್ರಿಯ ಏರಿಳಿತ ಮಂಜುಗಡ್ಡೆಯೊಳಗೆ ಇಳಿಯುತ್ತಾ ಹೋದಂತೆ ಮಂಕಾಗುತ್ತದೆ. ಸುಮಾರು 18 ಸೆಂ.ಮೀ. ಆಳಕ್ಕೆ ಅದು ಮೂರನೇ ಒಂದು ಭಾಗಕ್ಕೆ ಕುಗ್ಗಿರುತ್ತದೆ. ಮೂವತ್ತು ಸೆಂ.ಮೀ. ದಪ್ಪದ ಮಂಜುಗಡ್ಡೆಯ ತಳಕ್ಕೆ ಮಧ್ಯಾಹ್ನದ ಬಿಸಿಲು ಬಂದದ್ದೇ ಗೊತ್ತಾಗುವುದಿಲ್ಲ. ನೇರ ಗೆರೆಯ ಮಾದರಿಯಲ್ಲಿ ಮಾತ್ರ ಮೇಲಿನ ಬದಲಾವಣೆ ಆ ಕ್ಷಣವೇ ತಳಕ್ಕೆ ಮುಟ್ಟುತ್ತದೆ. ಹೆಚ್ಚು ವಿವರ ಕೊಟ್ಟರೆ ಹೆಚ್ಚು ನಿಖರ ಎಂದುಕೊಂಡು ಗಂಟೆಯ ಅಂಕಿ ತುಂಬುವವರು ಬೆಳವಣಿಗೆ ಕುಣಿಯುವುದನ್ನು ಕಂಡು ಕಂಗಾಲಾಗುತ್ತಾರೆ. ದಿನದ ಸರಾಸರಿ ಬಳಸಿ. ಸಾಕು.

## ಹಂತ 3: ಗಾಳಿಯ ಉಷ್ಣತೆಯನ್ನು ಮೇಲ್ಮೈ ಉಷ್ಣತೆ ಎಂದುಕೊಳ್ಳಬೇಡಿ

ಪುಸ್ತಕದ ಸೂತ್ರ ಹೀಗಿದೆ:

```
h = sqrt( 2 k S / (rho L) )
```

ಇಲ್ಲಿ `k` ಮಂಜುಗಡ್ಡೆಯ ಉಷ್ಣವಾಹಕತೆ, ಮೀಟರಿಗೆ ಡಿಗ್ರಿಗೆ 2.2 ವ್ಯಾಟ್. `rho` ಸಾಂದ್ರತೆ, ಘನ ಮೀಟರಿಗೆ 917 ಕಿಲೋ. `L` ಗುಪ್ತೋಷ್ಣ, ಕಿಲೋಗೆ 3.34 ಲಕ್ಷ ಜೂಲ್. `S` ಎಂದರೆ ಮೇಲ್ಮೈ ಸೊನ್ನೆಗಿಂತ ಎಷ್ಟು ಡಿಗ್ರಿ ಕೆಳಗಿತ್ತು ಎಂಬುದನ್ನು ಕಾಲದೊಂದಿಗೆ ಕೂಡಿಸಿದ ಮೊತ್ತ. ಡಿಗ್ರಿ-ದಿನಗಳಲ್ಲಿ ಕೂಡಿಸಿದ್ದರೆ 86,400ರಿಂದ ಗುಣಿಸಿ ಸೆಕೆಂಡಿಗೆ ತರಬೇಕು. ಉತ್ತರ ಮುನ್ನೂರು ಪಟ್ಟು ಸಣ್ಣದಾಗಿ ಬಂದರೆ ಇದನ್ನು ಮರೆತಿದ್ದೀರಿ ಎಂದರ್ಥ. ಮೂವತ್ತು ಪಟ್ಟು ದೊಡ್ಡದಾಗಿ ಬಂದರೆ ಗುಪ್ತೋಷ್ಣವನ್ನು ಕಿಲೋಜೂಲಿನಲ್ಲಿ ಬಿಟ್ಟಿದ್ದೀರಿ.

ಎಲ್ಲ ಅಂಕಿ ಹಾಕಿದರೆ ಸೂತ್ರ ನೆನಪಿಡಲು ಸುಲಭವಾಗುತ್ತದೆ: ಡಿಗ್ರಿ-ದಿನಗಳ ವರ್ಗಮೂಲವನ್ನು 3.5ರಿಂದ ಗುಣಿಸಿದರೆ ದಪ್ಪ ಸೆಂ.ಮೀ.ನಲ್ಲಿ. ಸರಾಸರಿ ಸೊನ್ನೆಗಿಂತ 8 ಡಿಗ್ರಿ ಕೆಳಗೆ, ಮೂವತ್ತು ದಿನ, ಅಂದರೆ 240 ಡಿಗ್ರಿ-ದಿನ, ಉತ್ತರ 54.6 ಸೆಂ.ಮೀ.

ಎಡವಟ್ಟಾಗುವುದು ಇಲ್ಲೇ. ಸೂತ್ರ ಕೇಳುವುದು ಮಂಜುಗಡ್ಡೆಯ ಮೇಲ್ಮೈಯ ಉಷ್ಣತೆ. ನಮ್ಮ ಹತ್ತಿರ ಇರುವುದು ಗಾಳಿಯದು. ಮಂಜುಗಡ್ಡೆ ಒಂದೇ ಸೆಂ.ಮೀ. ದಪ್ಪವಿದ್ದು ಗಾಳಿ ಮೈನಸ್ 8 ಇದ್ದಾಗ ಮೇಲ್ಮೈ ಎಷ್ಟಿರುತ್ತದೆ? ಬಹಳ ಜನ ಮೈನಸ್ 8 ಎನ್ನುತ್ತಾರೆ. ಲೆಕ್ಕ ಹಾಕಿದರೆ ಬರುವುದು ಮೈನಸ್ 0.7. ಅಷ್ಟು ತೆಳುವಾದ ಪದರದ ಮೂಲಕ ಕೆಳಗಿನ ಶಾಖ ಸರಾಗವಾಗಿ ಮೇಲೆ ಬರುತ್ತದೆ, ಆದರೆ ಮೇಲ್ಮೈಯಿಂದ ಅದನ್ನು ಎತ್ತಿಕೊಂಡು ಹೋಗಲು ಗಾಳಿಗೆ ಆಗುವುದಿಲ್ಲ. ದಪ್ಪ 22 ಸೆಂ.ಮೀ. ದಾಟಿದಾಗಲೂ ಮೇಲ್ಮೈ ಮೈನಸ್ 5.4ರ ಹತ್ತಿರವೇ ಇರುತ್ತದೆ.

ಹಾಗಾಗಿ ಶಾಖದ ದಾರಿಯಲ್ಲಿ ಎರಡು ಅಡೆತಡೆಗಳನ್ನು ಸಾಲಾಗಿ ಇಡಬೇಕು, ವಿದ್ಯುತ್ ಮಂಡಲದಲ್ಲಿ ರೋಧಕಗಳನ್ನು ಸರಣಿಯಲ್ಲಿ ಜೋಡಿಸಿದ ಹಾಗೆ. ಮಂಜುಗಡ್ಡೆಯ ರೋಧ `h/k`. ಮೇಲ್ಮೈಯಿಂದ ಗಾಳಿಗೆ ಹೋಗುವ ದಾರಿಯ ರೋಧ `1/H`. ಈ `H` ಗಾಳಿಯ ವೇಗ ಮತ್ತು ವಿಕಿರಣ ಎರಡನ್ನೂ ಸೇರಿಸಿಕೊಂಡ ಒಂದು ಒರಟು ಸಂಖ್ಯೆ. ಚದರ ಮೀಟರಿಗೆ ಡಿಗ್ರಿಗೆ 20 ವ್ಯಾಟ್‌ನಿಂದ ಶುರುಮಾಡಬಹುದು. ನಿಶ್ಚಲ ದಿನಗಳಲ್ಲಿ ಅದು 10ಕ್ಕೆ ಇಳಿಯಬಹುದು, ಗಾಳಿ ಬೀಸುವಾಗ 25 ದಾಟಬಹುದು.

```
rho L dh/dt = (0 - Ta) / (h/k + R),    R = 1/H
```

`Ta` ಗಾಳಿಯ ಉಷ್ಣತೆ. ಇದನ್ನು ಬಿಡಿಸಿದರೆ ಸಿಗುವುದು ಇದು. `h0` ಎಣಿಕೆ ಶುರುವಾದಾಗಿನ ದಪ್ಪ, ಮತ್ತು `S`ನ್ನು ಇನ್ನು ಮುಂದೆ ಗಾಳಿಯ ಉಷ್ಣತೆಯಿಂದಲೇ ಕೂಡಿಸಬೇಕು:

```
(h + kR)^2 = (h0 + kR)^2 + 2 k S / (rho L)
```

`H` 20 ಇದ್ದರೆ `kR` 0.11 ಮೀಟರ್. ಅಂದರೆ ಗಾಳಿಯ ಅಡ್ಡಿ, ಮೇಲೆ ಇನ್ನೂ 11 ಸೆಂ.ಮೀ. ಮಂಜುಗಡ್ಡೆ ಹೊದಿಸಿದ್ದಕ್ಕೆ ಸಮ. ಅದೇ 240 ಡಿಗ್ರಿ-ದಿನಕ್ಕೆ ಈಗ ಉತ್ತರ 44.7 ಸೆಂ.ಮೀ. ಹತ್ತು ಸೆಂ.ಮೀ. ಒಂದೇ ಏಟಿಗೆ ಹೋಯಿತು, ಇನ್ನೂ ಹಿಮ ಬಿದ್ದೇ ಇಲ್ಲ.

## ಹಂತ 4: ಹಿಮವನ್ನು ಲೆಕ್ಕಕ್ಕೆ ತನ್ನಿ

ಬಿದ್ದು ಕೆಲವು ದಿನವಾಗಿ ಸ್ವಲ್ಪ ಒತ್ತಿಕೊಂಡ ಹಿಮದ ಉಷ್ಣವಾಹಕತೆ ಮೀಟರಿಗೆ ಡಿಗ್ರಿಗೆ 0.2 ವ್ಯಾಟ್ ಎಂದಿಟ್ಟುಕೊಳ್ಳಿ. ಆಗತಾನೇ ಬಿದ್ದ ಹಗುರ ಹಿಮದ್ದು ಇದರ ಅರ್ಧವೂ ಇರದೆ ಹೋಗಬಹುದು. 0.2 ಎಂದುಕೊಂಡರೂ ಅದು ಮಂಜುಗಡ್ಡೆಯ ಹನ್ನೊಂದನೇ ಒಂದು ಭಾಗ. ಶಾಖವನ್ನು ತಡೆಯುವುದರಲ್ಲಿ ಆರು ಸೆಂ.ಮೀ. ಹಿಮ ಅರವತ್ತಾರು ಸೆಂ.ಮೀ. ಮಂಜುಗಡ್ಡೆಗೆ ಸಮ. ಇಡೀ ಮಾದರಿಯಲ್ಲಿ ಇಷ್ಟು ಬಲವಾದ ಅಂಶ ಇನ್ನೊಂದಿಲ್ಲ.

ಸೂತ್ರ ಬದಲಾಗುವುದಿಲ್ಲ. `R` ಮಾತ್ರ ದೊಡ್ಡದಾಗುತ್ತದೆ:

```
R = 1/H + hs/ks
```

`hs` ಹಿಮದ ಆಳ, `ks` ಅದರ ಉಷ್ಣವಾಹಕತೆ. ಆದರೆ ಇಲ್ಲಿ ಕ್ರಮ ಮುಖ್ಯ. ಒಂದು ತಿಂಗಳ ಡಿಗ್ರಿ-ದಿನಗಳನ್ನು ಕೂಡಿಸಿ, ತಿಂಗಳ ಸರಾಸರಿ ಹಿಮವನ್ನು `R`ನಲ್ಲಿ ಹಾಕಿ, ಒಂದೇ ಸಲಕ್ಕೆ ಲೆಕ್ಕ ಮುಗಿಸುವವರಿದ್ದಾರೆ. ಅದು ನಡೆಯುವುದಿಲ್ಲ. ಹಿಮ ಮೊದಲ ವಾರವೇ ಬಿತ್ತೋ, ಕೊನೆಯ ವಾರ ಬಿತ್ತೋ ಎಂಬುದರ ಮೇಲೆ ಉತ್ತರ ಬದಲಾಗುತ್ತದೆ. ತೆಳುವಾಗಿದ್ದಾಗಲೇ ಮಂಜುಗಡ್ಡೆ ಬೇಗ ಬೆಳೆಯುವುದು. ಆ ಹೊತ್ತಿಗೆ ಹಿಮ ಮುಚ್ಚಿದರೆ ನಷ್ಟ ಹೆಚ್ಚು. ಹಿಮದ ಆಳ ಬದಲಾದಾಗಲೆಲ್ಲ ಅಲ್ಲಿಯವರೆಗಿನ ದಪ್ಪವನ್ನು `h0` ಮಾಡಿಕೊಂಡು ಹೊಸದಾಗಿ ಮುಂದುವರಿಯಬೇಕು. ದಿನಕ್ಕೊಂದು ಹೆಜ್ಜೆ ಇಟ್ಟರೆ ಇದು ತಾನಾಗಿಯೇ ಆಗುತ್ತದೆ.

ಕೆಳಗಿನ ಪೈಥಾನ್ ತುಣುಕಿನಲ್ಲಿ ಮೊದಲ ಹತ್ತು ದಿನ ಬರಿಯ ಮಂಜುಗಡ್ಡೆ, ಆಮೇಲೆ ಇಪ್ಪತ್ತು ದಿನ ಆರು ಸೆಂ.ಮೀ. ಹಿಮ. ಗಾಳಿ ಎಲ್ಲ ದಿನವೂ ಮೈನಸ್ 8.

```python
k, rho, L = 2.2, 917.0, 3.34e5
H, ks, DAY = 20.0, 0.2, 86400.0

def next_day(h, Ta, snow, Fw=0.0):
    R = 1/H + snow/ks
    S = max(0.0, -Ta) * DAY
    h = ((h + k*R)**2 + 2*k*S/(rho*L))**0.5 - k*R
    return max(0.0, h - Fw*DAY/(rho*L))

h = 0.0
for day in range(1, 31):
    snow = 0.06 if day > 10 else 0.0
    h = next_day(h, -8.0, snow)
    if day in (1, 10, 11, 30):
        print(day, round(100*h, 1))
```

ಬರಬೇಕಾದ ಉತ್ತರ: ಮೊದಲ ದಿನದ ಕೊನೆಗೆ 3.8, ಹತ್ತನೇ ದಿನ 22.4, ಹನ್ನೊಂದನೇ ದಿನ 22.9, ಮೂವತ್ತನೇ ದಿನ 31.9 ಸೆಂ.ಮೀ. ಹತ್ತನೇ ದಿನದ ಹೊತ್ತಿಗೆ ಮಂಜುಗಡ್ಡೆ ದಿನಕ್ಕೆ ಒಂದೂವರೆ ಸೆಂ.ಮೀ. ಬೆಳೆಯುತ್ತಿತ್ತು. ಹಿಮ ಬಿದ್ದ ಮರುದಿನವೇ ಅದು ಅರ್ಧ ಸೆಂ.ಮೀ.ಗೆ ಕುಸಿಯಿತು. ಹಿಮದ ಮೇಲ್ಮೈ ಮೈನಸ್ 7ರಲ್ಲಿದ್ದರೂ ಹಿಮದ ಅಡಿಯಲ್ಲಿ, ಮಂಜುಗಡ್ಡೆಯ ತಲೆಯ ಮೇಲೆ, ಉಷ್ಣತೆ ಬರೀ ಮೈನಸ್ 1.8. ಮೊದಲು ಹೇಳಿದ 54.6ಕ್ಕೂ ಈಗಿನ 31.9ಕ್ಕೂ ನಡುವಿನ ಅಂತರ ಎಲ್ಲಿಂದ ಬಂತು ಎಂಬುದು ಇಲ್ಲಿ ಬಿಡಿಬಿಡಿಯಾಗಿ ಕಾಣುತ್ತದೆ: ಹತ್ತು ಸೆಂ.ಮೀ. ಗಾಳಿಯ ಅಡ್ಡಿ, ಹದಿಮೂರು ಸೆಂ.ಮೀ. ಹಿಮ.

ತುಣುಕಿನಲ್ಲಿ ಎರಡು ಜಾಗ ಗಮನಿಸಿ. `dh/dt`ಯನ್ನು ನೇರವಾಗಿ ಕಾಲದಿಂದ ಗುಣಿಸಿ ಕೂಡಿಸಿಲ್ಲ. ವರ್ಗದ ರೂಪವನ್ನೇ ದಿನದಿನಕ್ಕೆ ಬಳಸಿದೆ. ನೇರ ಗುಣಾಕಾರದಲ್ಲಿ ದಪ್ಪ ಸೊನ್ನೆಯಿರುವಾಗಿನ ವೇಗವೇ ಇಡೀ ದಿನ ಉಳಿಯುತ್ತದೆ ಎಂದಾಗಿ ಮೊದಲ ದಿನ 3.8ರ ಬದಲು 4.5 ಸೆಂ.ಮೀ. ಬರುತ್ತದೆ. `R` ಇಲ್ಲದ ಹಳೆಯ ಸೂತ್ರದಲ್ಲಾದರೆ ಸೊನ್ನೆಯಿಂದ ಭಾಗಿಸಿದಂತಾಗಿ ಲೆಕ್ಕವೇ ನಿಲ್ಲುತ್ತದೆ. ಎರಡನೆಯದು `max(0.0, -Ta)`. ಸರಾಸರಿ ಉಷ್ಣತೆ ಸೊನ್ನೆಗಿಂತ ಮೇಲಿದ್ದ ದಿನವನ್ನು ಕಳೆಯುವ ಹಾಗಿಲ್ಲ. ಗಾಳಿ ಪ್ಲಸ್ 3 ಇದ್ದ ದಿನ ಮಂಜುಗಡ್ಡೆಯ ಮೇಲ್ಮೈ ಸೊನ್ನೆಯಲ್ಲೇ ನಿಲ್ಲುತ್ತದೆ, ತಳವೂ ಸೊನ್ನೆಯಲ್ಲಿದೆ; ವಹನವೇ ಇಲ್ಲ. ಆ ದಿನ ಕರಗುವುದು ಮೇಲಿನಿಂದ, ಅದೂ ಮೊದಲು ಹಿಮ. ಅದರ ಲೆಕ್ಕ ಬೇರೆ.

## ಹಂತ 5: ಮಂಜುಗಡ್ಡೆ ಮುಳುಗಿತೇ ಎಂದು ದಿನವೂ ಪರೀಕ್ಷಿಸಿ

ಹಿಮ ಹೆಚ್ಚಿದಷ್ಟೂ `R` ಹೆಚ್ಚಿಸುತ್ತಾ ಹೋದರೆ ಸಾಕು ಎಂದುಕೊಳ್ಳುವ ಹಾಗಿಲ್ಲ. ಹಿಮಕ್ಕೆ ತೂಕವೂ ಇದೆ. ಮಂಜುಗಡ್ಡೆ ನೀರಿನ ಮೇಲೆ ತೇಲುತ್ತಿರುವುದು ಘನ ಮೀಟರಿಗೆ 83 ಕಿಲೋ ವ್ಯತ್ಯಾಸದ ಬಲದಿಂದ. ಹಿಮದ ಭಾರ ಆ ಮಿತಿ ದಾಟಿದರೆ ಮಂಜುಗಡ್ಡೆಯ ಮೇಲ್ಮೈ ನೀರಿನ ಮಟ್ಟಕ್ಕಿಂತ ಕೆಳಗಿಳಿಯುತ್ತದೆ. ಬಿರುಕುಗಳಿಂದ ನೀರು ಮೇಲೆ ಬಂದು ಹಿಮದ ತಳವನ್ನು ನೆನೆಸಿ ಕೆಸರಿನಂತೆ ಮಾಡುತ್ತದೆ. ಪರೀಕ್ಷೆ ಇದು, `rho_s` ಹಿಮದ ಸಾಂದ್ರತೆ:

```
rho_s * hs  >  (1000 - 917) * h
```

ನಮ್ಮ ಉದಾಹರಣೆಯಲ್ಲಿ ಹತ್ತನೇ ದಿನ ದಪ್ಪ 22.4 ಸೆಂ.ಮೀ., ತಡೆಯಬಲ್ಲ ಭಾರ ಚದರ ಮೀಟರಿಗೆ 18.6 ಕಿಲೋ. ಹಿಮದ ಸಾಂದ್ರತೆ ಘನ ಮೀಟರಿಗೆ 250 ಕಿಲೋ ಎಂದರೆ ಆರು ಸೆಂ.ಮೀ. ಹಿಮದ ಭಾರ 15 ಕಿಲೋ. ಪಾರಾಯಿತು. ಅದೇ ಹತ್ತು ಸೆಂ.ಮೀ. ಬಿದ್ದಿದ್ದರೆ 25 ಕಿಲೋ. ಹಿಮ ನೆನೆಯುವ ಮೊದಲೇ ಮಂಜುಗಡ್ಡೆಯ ಮೇಲ್ಮೈ ನೀರಿನ ಮಟ್ಟಕ್ಕಿಂತ ಆರು ಮಿಲಿಮೀಟರ್ ಕೆಳಗಿಳಿಯುತ್ತಿತ್ತು. ಈ ಸಾಂದ್ರತೆಯ ಹಿಮಕ್ಕೆ ಬಾಯಿಲೆಕ್ಕದ ನಿಯಮ: ಹಿಮ ಮಂಜುಗಡ್ಡೆಯ ಮೂರನೇ ಒಂದು ಭಾಗ ಮುಟ್ಟಿದರೆ ಎಚ್ಚರವಾಗಿ.

ಮುಳುಗಿದ ಮೇಲೆ ಮಾದರಿಯ ಬುಡವೇ ಅಲುಗುತ್ತದೆ. ಒದ್ದೆ ಹಿಮ 0 ಡಿಗ್ರಿಯಲ್ಲಿದೆ, ಮಂಜುಗಡ್ಡೆಯ ತಳವೂ 0 ಡಿಗ್ರಿ. ನಡುವಿನ ಮಂಜುಗಡ್ಡೆಯಲ್ಲಿ ಶಾಖ ಹರಿಯಲು ಕಾರಣವೇ ಇಲ್ಲ. ಒದ್ದೆ ಪದರ ಪೂರ್ತಿ ಗಟ್ಟಿಯಾಗುವವರೆಗೆ ಕೆಳಗಿನ ಬೆಳವಣಿಗೆ ನಿಂತುಹೋಗುತ್ತದೆ; ಆ ದಿನಗಳಲ್ಲಿ ಗಾಳಿಗೆ ಹೋಗುವ ಶಾಖವೆಲ್ಲ ಆ ಪದರದಿಂದಲೇ. ಮತ್ತೊಂದು ವಿಚಿತ್ರವೆಂದರೆ ಆ ಪದರ ಬೇಗ ಗಟ್ಟಿಯಾಗುತ್ತದೆ, ಏಕೆಂದರೆ ಅದರಲ್ಲಿ ನಾಲ್ಕನೇ ಒಂದು ಭಾಗ ಆಗಲೇ ಹಿಮದ ರೂಪದಲ್ಲಿ ಗಟ್ಟಿಯಾಗಿದೆ. ಹೆಪ್ಪುಗಟ್ಟಬೇಕಾದದ್ದು ಉಳಿದ ಮುಕ್ಕಾಲು ಜಾಗದಲ್ಲಿರುವ ನೀರು ಮಾತ್ರ. ಹಾಗಾಗಿ ಹೆಚ್ಚು ಹಿಮ ಬಿದ್ದ ವರ್ಷ ಮಂಜುಗಡ್ಡೆ ಲೆಕ್ಕಕ್ಕಿಂತ ದಪ್ಪವಾಗಿ ಸಿಕ್ಕಿದರೆ ಆಶ್ಚರ್ಯಪಡಬೇಕಿಲ್ಲ. ಅದು ಮೇಲಿನಿಂದ ಬೆಳೆದದ್ದು.

ಕೊರೆದ ತುಂಡನ್ನು ಬೆಳಕಿಗೆ ಹಿಡಿದರೆ ಇದು ಕಣ್ಣಿಗೇ ಕಾಣುತ್ತದೆ. ಕೆಳಗಿನಿಂದ ಬೆಳೆದದ್ದು ಕಪ್ಪಗೆ, ಗಾಜಿನಂತೆ ಸ್ವಚ್ಛ. ನೆನೆದ ಹಿಮದಿಂದ ಆದದ್ದು ಹಾಲುಬಿಳಿ, ಒಳಗೆಲ್ಲ ಸಣ್ಣ ಗುಳ್ಳೆ. ಇವೆರಡನ್ನು ಬೇರೆಬೇರೆಯಾಗಿ ಅಳೆದು ಬರೆಯಿರಿ. ಈ ಮಾದರಿಯ ಉತ್ತರವನ್ನು ಹೋಲಿಸಬೇಕಾದದ್ದು ಸ್ವಚ್ಛ ಭಾಗದೊಂದಿಗೆ ಮಾತ್ರ. ಬಿಳಿ ಭಾಗಕ್ಕೆ ಬಲವೂ ಕಡಿಮೆ. ಒಟ್ಟು ದಪ್ಪ ನೋಡಿ ಮೋಸಹೋಗುವವರು ಇಲ್ಲೇ ಮೋಸಹೋಗುವುದು. ತೂತು ಕೊರೆದ ತಕ್ಷಣ ನೀರು ಉಕ್ಕಿ ಮೇಲ್ಮೈಗೆ ಹರಿದರೆ, ಮುಳುಗುವಿಕೆ ನಡೆದಿದೆ ಅಥವಾ ನಡೆಯಲಿದೆ. ಆ ದಿನದಿಂದ ಮುಂದಿನ ಲೆಕ್ಕವನ್ನು ಕೆಂಪು ಶಾಯಿಯಲ್ಲಿ ಗುರುತು ಮಾಡಿಕೊಳ್ಳಿ.

## ಹಂತ 6: ನೀರಿನಿಂದ ಬರುವ ಶಾಖ

ಮಂಜುಗಡ್ಡೆಯ ಕೆಳಗೆ ನೀರು ಸೊನ್ನೆಯಿಂದ 4 ಡಿಗ್ರಿವರೆಗೆ ಇರುತ್ತದೆ, ಬೇಸಿಗೆಯ ಶಾಖವನ್ನು ತಳದ ಕೆಸರು ನಿಧಾನವಾಗಿ ಬಿಡುತ್ತಿರುತ್ತದೆ. ಅದರಲ್ಲಿ ಸ್ವಲ್ಪ ಮೇಲೆ ಬಂದು ಬೆಳವಣಿಗೆಯನ್ನು ಕಡಿಮೆ ಮಾಡುತ್ತದೆ. ತುಣುಕಿನಲ್ಲಿರುವ `Fw` ಅದೇ. ಪ್ರವಾಹವಿಲ್ಲದ ಕಡೆ ಚದರ ಮೀಟರಿಗೆ 2 ವ್ಯಾಟ್ ಹಾಕಿ ನೋಡಿ. ದಿನಕ್ಕೆ ಅರ್ಧ ಮಿಲಿಮೀಟರ್ ಕಡಿಮೆಯಾಗುತ್ತದೆ, ಮೂವತ್ತು ದಿನಕ್ಕೆ ಒಂದೂವರೆ ಸೆಂ.ಮೀ. ಆಸುಪಾಸು. ಬರಿಯ ಮಂಜುಗಡ್ಡೆಗೆ ಇದು ಲೆಕ್ಕಕ್ಕೆ ಬಾರದು. ಮೇಲೆ ಹಿಮವಿದ್ದು ಶಾಖದ ಹರಿವು 16 ವ್ಯಾಟಿಗೆ ಇಳಿದಾಗ ಅದೇ 2 ವ್ಯಾಟ್ ಎಂಟನೇ ಒಂದು ಪಾಲು. ಆದರೂ ಲೆಕ್ಕ ಹೊಂದಲಿಲ್ಲವೆಂದು ಮೊದಲು ಈ ಸಂಖ್ಯೆಯನ್ನೇ ತಿರುಗಿಸಬೇಡಿ. ಅದು ಕೊನೆಗೆ ಮುಟ್ಟಬೇಕಾದದ್ದು.

## ಹಂತ 7: `H`ನ್ನು ಅಳತೆಯಿಂದ ಪಡೆಯಿರಿ, ಬೇರೇನನ್ನೂ ತಿದ್ದಬೇಡಿ

`k`, `rho`, `L` ಮಂಜುಗಡ್ಡೆಯ ಗುಣಗಳು; ಅವನ್ನು ಸರೋವರದಿಂದ ಸರೋವರಕ್ಕೆ ಬದಲಿಸಲು ಕಾರಣವಿಲ್ಲ. ತಿದ್ದಲು ಹಕ್ಕಿರುವುದು `H` ಒಂದನ್ನೇ, ಅದೂ ಹಿಮ ಬೀಳುವ ಮುಂಚಿನ ಅಳತೆಗಳಿಂದ. ಹಿಮ ಬಿದ್ದ ಮೇಲಿನ ಅಳತೆಯಿಂದ `H` ಹುಡುಕಿದರೆ ಹಿಮದ ತಪ್ಪೆಲ್ಲ ಅದರೊಳಗೆ ಸೇರಿಕೊಳ್ಳುತ್ತದೆ. ಸೂತ್ರವನ್ನು ತಿರುಗಿಸಿದರೆ:

```
R = ( S/(rho L) - h^2/(2k) ) / h
```

80 ಡಿಗ್ರಿ-ದಿನದ ನಂತರ 20 ಸೆಂ.ಮೀ. ಅಳೆದಿರಿ ಎನ್ನಿ. `R` 0.067, ಅಂದರೆ `H` ಸುಮಾರು 15. ಅದೇ ದಿನ 25 ಸೆಂ.ಮೀ. ಸಿಕ್ಕಿದ್ದರೆ `H` ಸುಮಾರು 30. ಐದು ಸೆಂ.ಮೀ. ವ್ಯತ್ಯಾಸಕ್ಕೆ ಸಂಖ್ಯೆ ಇಮ್ಮಡಿಯಾಯಿತು. ಒಂದೇ ತೂತಿನಿಂದ `H` ತೆಗೆಯುವುದು ಎಷ್ಟು ಅಪಾಯ ಎಂದು ಇದರಿಂದಲೇ ತಿಳಿಯುತ್ತದೆ. ದಡದಿಂದ ದೂರದಲ್ಲಿ ಹಲವು ಕಡೆ ಕೊರೆದು ಸರಾಸರಿ ತೆಗೆದುಕೊಳ್ಳಿ, ಬೇರೆ ಬೇರೆ ದಿನಗಳಲ್ಲಿ.

ಸಿಕ್ಕ `H` 40, 50 ಎಂದು ಬಂದರೆ ಅಥವಾ `R` ಋಣವಾಗಿ ಬಂದರೆ, ಹೆಪ್ಪುಗಟ್ಟಿದ ತಾರೀಕು ತಪ್ಪಿದೆಯೇ ನೋಡಿ. ಮಂಜುಗಡ್ಡೆ ನಿಮ್ಮ ಎಣಿಕೆಗಿಂತ ಮೊದಲೇ ನಿಂತಿರಬಹುದು. ಇನ್ನೊಂದು ಕಾರಣ ಮೋಡವಿಲ್ಲದ ರಾತ್ರಿಗಳು. ಬರಿಯ ಆಕಾಶಕ್ಕೆ ಶಾಖ ಬಿಡುವ ಮೇಲ್ಮೈ ಗಾಳಿಗಿಂತಲೂ ತಣ್ಣಗಾಗಬಲ್ಲದು, ಅದನ್ನು ಈ ಒರಟು `H` ಪೂರ್ತಿ ಹಿಡಿಯಲಾರದು. ಸಿಕ್ಕ ಸಂಖ್ಯೆ 5ರ ಹತ್ತಿರ ಬಂದರೆ ಮೇಲೆ ನೀವು ಲೆಕ್ಕಕ್ಕೆ ಹಿಡಿಯದ ಹಿಮವಿತ್ತು ಎಂದೇ ತಿಳಿಯಿರಿ. ಎರಡೇ ಸೆಂ.ಮೀ. ಪುಡಿಹಿಮ ಸಾಕು ಇದಕ್ಕೆ.

## ಹಂತ 8: ಎಲ್ಲಿ ನಿಲ್ಲಿಸಬೇಕು

ಮೆಂಡೋಟಾದಂಥ ಸರೋವರದಲ್ಲಿ ಈ ಲೆಕ್ಕವನ್ನು ಹೆಪ್ಪುಗಟ್ಟಿದ ದಿನದಿಂದ ಫೆಬ್ರುವರಿ ಕೊನೆಯವರೆಗೆ ಓಡಿಸಬಹುದು. ಮಾರ್ಚ್‌ನಲ್ಲಿ ಬಿಸಿಲು ಏರುತ್ತದೆ. ಹಿಮ ಹೋಗಿ ಸ್ವಚ್ಛ ಮಂಜುಗಡ್ಡೆ ತೆರೆದುಕೊಂಡರೆ ಬೆಳಕು ಅದರೊಳಗೆ ಇಳಿದು ಒಳಗಿನಿಂದಲೇ ಕರಗಿಸಲು ಶುರುಮಾಡುತ್ತದೆ. ಆಗ ಶಾಖ ಹರಿಯುವುದು ತಳದಿಂದ ಮೇಲಕ್ಕೆ ಮಾತ್ರ ಎಂಬ ಮಾದರಿಯ ಮೂಲ ಮಾತೇ ಸುಳ್ಳಾಗುತ್ತದೆ. ಗಾಳಿ ಇನ್ನೂ ಮೈನಸ್ 3 ಇರುವ ದಿನ ಲೆಕ್ಕ ಬೆಳವಣಿಗೆ ತೋರಿಸುತ್ತಿರುತ್ತದೆ, ಸರೋವರದಲ್ಲಿ ಮಂಜುಗಡ್ಡೆ ಹರಳುಗಳ ಅಂಚಿನಲ್ಲಿ ಬಿಡುತ್ತಾ ಉದ್ದುದ್ದ ಕಂಬಿಗಳಾಗಿ ಸಡಿಲವಾಗಿರುತ್ತದೆ. ದಪ್ಪ ಅಳೆದರೆ ಇನ್ನೂ ಮೂವತ್ತು ಸೆಂ.ಮೀ. ಇದ್ದೀತು. ಬಲ ಇರುವುದಿಲ್ಲ.

ಉಪ್ಪುನೀರಿಗೂ ಇದನ್ನು ಹಾಗೇ ಹಚ್ಚಬೇಡಿ. ಲಡಾಖ್‌ನ ಪ್ಯಾಂಗಾಂಗ್ ಸರೋವರಕ್ಕೆ ಈ ತುಣುಕನ್ನು ಓಡಿಸಲು ಹಲವರಿಗೆ ಆಸೆ. ಅದರ ನೀರು ಉಪ್ಪು. ಹೆಪ್ಪುಗಟ್ಟುವ ಬಿಂದು ಸೊನ್ನೆಗಿಂತ ಕೆಳಗಿಳಿಯುತ್ತದೆ, ಮಂಜುಗಡ್ಡೆಯೊಳಗೆ ಉಪ್ಪುನೀರಿನ ಸಣ್ಣ ಗೂಡುಗಳು ಉಳಿದು ಉಷ್ಣವಾಹಕತೆಯನ್ನೂ ಗುಪ್ತೋಷ್ಣವನ್ನೂ ಬದಲಿಸುತ್ತವೆ. ಅಲ್ಲಿ ಮೊದಲು ಅಳೆಯಬೇಕಾದದ್ದು ನೀರಿನ ಉಪ್ಪಿನಂಶ. ಸೊನ್ನೆ ಡಿಗ್ರಿ ಎಂದು ಬರೆದ ಜಾಗದಲ್ಲೆಲ್ಲ ಆ ನೀರಿನ ಹೆಪ್ಪುಗಟ್ಟುವ ಬಿಂದುವನ್ನು ಹಾಕಿದ ಮೇಲೆಯೇ ಉಳಿದ ಹಂತಗಳಿಗೆ ಬರಬೇಕು.